ಇಪ್ಪತ್ತಡಿ ಪರದೆಯ ಮೇಲೆ ಕಲ್ಲಿನ ರಥ

ರಾಜ್ಯೋತ್ಸವದ ವೇದಿಕೆಗೆ 20 ಅಡಿ ಅಗಲ, 10 ಅಡಿ ಎತ್ತರದ ಬಟ್ಟೆಯ ಬ್ಯಾಕ್‌ಡ್ರಾಪ್ ಬೇಕು ಎಂದುಕೊಳ್ಳಿ. ಮುಂದೆ ಹಂಪಿಯ ಕಲ್ಲಿನ ರಥ, ಹಿಂದೆ ಬೇರೆ ದಿನ ಮೊಬೈಲಿನಲ್ಲಿ ತೆಗೆದ ಸಂಜೆಯ ಆಕಾಶ. ಎರಡನ್ನೂ ಜೋಡಿಸಿದಾಗ ಕಂಪ್ಯೂಟರಿನಲ್ಲಿ ಒಂದೇ ಫೋಟೋದಂತೆ ಕಾಣುತ್ತದೆ. ಬಟ್ಟೆಯ ಮೇಲೆ ಬಂದಾಗ ರಥವನ್ನು ಅಂಟಿಸಿದ್ದು ದೂರದಿಂದಲೇ ತಿಳಿಯುತ್ತದೆ.

ಹಾಗಾಗದಿರಲು ಅಳತೆಯನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಪುಸ್ತಕಕ್ಕೆ ಇಂಚಿಗೆ 300 ಪಿಕ್ಸೆಲ್ ಬೇಕು, ಏಕೆಂದರೆ ಅದನ್ನು ಕೈಯಲ್ಲಿ ಹಿಡಿದು ಓದುತ್ತೇವೆ. ಹತ್ತಡಿ ದೂರ ಕುಳಿತವರ ಕಣ್ಣಿಗೆ ಇಂಚಿಗೆ ಸುಮಾರು 30ಕ್ಕಿಂತ ಹೆಚ್ಚು ಬೇರೆಯಾಗಿ ಕಾಣುವುದಿಲ್ಲ. ಆದ್ದರಿಂದ ಇಲ್ಲಿ 50 ಧಾರಾಳ ಸಾಕು. ಜನ ಪರದೆಗೆ ಒರಗಿ ಸೆಲ್ಫಿ ತೆಗೆಯುವಂತಿದ್ದರೆ ಮಾತ್ರ 100 ಇಡುವುದು ಒಳ್ಳೆಯದು.

50ರ ಲೆಕ್ಕದಲ್ಲಿ ಚಿತ್ರ 12,000 ಪಿಕ್ಸೆಲ್ ಅಗಲವಾಗುತ್ತದೆ. ಫೋಟೋದಲ್ಲಿ 4,000 ಪಿಕ್ಸೆಲ್ ಅಗಲವಿರುವ ರಥವನ್ನು ಎಂಟಡಿಗೆ ಹಿಗ್ಗಿಸಿದರೆ ಇಂಚಿಗೆ ಸುಮಾರು 42 ಪಿಕ್ಸೆಲ್ ಸಿಗುತ್ತದೆ. ಅಷ್ಟೇ ಪಿಕ್ಸೆಲ್ಲಿನ ಆಕಾಶ ಇಪ್ಪತ್ತಡಿಗೆ ಹಿಗ್ಗಿದಾಗ ಸಿಗುವುದು ಬರೀ 17. ಮೋಡ ಮಸುಕಾದರೆ ತೊಂದರೆಯಿಲ್ಲ. ಆದರೆ ರಥದಲ್ಲಿ ಚೂಪಾದ ಕಾಳು, ಆಕಾಶದಲ್ಲಿ ಮೇಣದ ನುಣುಪು ಇದ್ದರೆ ಜೋಡಣೆ ಅಲ್ಲೇ ಬಯಲಾಗುತ್ತದೆ. ಎಲ್ಲ ಜೋಡಿಸಿದ ಮೇಲೆ ಇಡೀ ಚಿತ್ರದ ಮೇಲೆ ಒಂದೇ ಸಮನಾದ ಸಣ್ಣ ಕಾಳನ್ನು ಹರಡುವುದು ಇದಕ್ಕೆ ನಾನು ಕಂಡ ಒಳ್ಳೆಯ ಮದ್ದು. ರಥದ ಅಂಚಿನಲ್ಲಿ ಉಳಿದ ಎರಡು ಪಿಕ್ಸೆಲ್ಲಿನ ಬಿಳಿ ಗೆರೆ ಬಟ್ಟೆಯ ಮೇಲೆ ಒಂದು ಮಿಲಿಮೀಟರ್ ದಪ್ಪವಾಗುತ್ತದೆ, ಕಪ್ಪು ಗೋಪುರದ ಬಳಿ ಅದು ಮಿಂಚುತ್ತದೆ. ಸಾಧಾರಣ ಮಾನಿಟರಿನಲ್ಲಿ ಕಡತವನ್ನು 200% ಮಾಡಿದರೆ ಹೆಚ್ಚುಕಡಿಮೆ ನಿಜವಾದ ಅಳತೆಯೇ ಕಾಣುತ್ತದೆ. ಹಾಗೆ ಮಾಡಿ, ಹತ್ತಡಿ ಹಿಂದೆ ಸರಿದು ನೋಡಿ.

ಬಟ್ಟೆಯನ್ನು ಚೌಕಟ್ಟಿಗೆ ಎಳೆದು ಮಡಚಿ ಹೊಡೆಯುತ್ತಾರೆ. ಆ ಮಡಿಕೆಗೆಂದು ನಾಲ್ಕೂ ಕಡೆ ನಾಲ್ಕು ಇಂಚು ಬ್ಲೀಡ್ ಬಿಟ್ಟರೆ ಕ್ಯಾನ್‌ವಾಸ್ 12,400 × 6,400 ಆಗುತ್ತದೆ. ಅಲ್ಲಿ ಬಿಳಿ ಜಾಗವಿರಬಾರದು, ಆಕಾಶವೂ ನೆಲವೂ ಮುಂದುವರಿಯಬೇಕು. ಕೊನೆಯಲ್ಲಿ ಆಕಾಶವನ್ನು ಎಳೆದು ತುಂಬಿಸುವುದು ಕಷ್ಟ, ಆದ್ದರಿಂದ ಈ ಅಳತೆಯಿಂದಲೇ ಕೆಲಸ ಶುರುವಾಗಬೇಕು. ಅಕ್ಷರಗಳು ಮಡಿಕೆಯ ಗೆರೆಯಿಂದ ಅರ್ಧ ಅಡಿಯಾದರೂ ಒಳಗಿರಲಿ.

ಬಣ್ಣದಲ್ಲಿ ಎಡವುವುದು ಎರಡು ಕಡೆ. ಕ್ಯಾಮೆರಾದ ಫೋಟೋ Adobe RGB, ಮೊಬೈಲಿನದು sRGB ಇರಬಹುದು. ಪ್ರೊಫೈಲ್ ಕಳಚಿ ಜೋಡಿಸಿದರೆ ರಥ ಪೇಲವವಾಗುತ್ತದೆ, ಆದ್ದರಿಂದ ಮೊದಲೇ `Convert to Profile` ಬಳಸಿ ಎರಡನ್ನೂ ಒಂದಕ್ಕೆ ತನ್ನಿ. ಎರಡನೆಯದು ಶಾಯಿಯ ಮಿತಿ. ಪರದೆಯಲ್ಲಿ ಹೊಳೆಯುವ ಕಡುನೀಲಿ CMYK ಶಾಯಿಯಲ್ಲಿ ನೇರಳೆಗೆ ತಿರುಗುತ್ತದೆ, ಶಾಯಿ ಹೀರುವ ಬಟ್ಟೆಯಲ್ಲಿ ಇನ್ನಷ್ಟು ಮಂಕಾಗುತ್ತದೆ. ಆ ಯಂತ್ರಕ್ಕೂ ಆ ಬಟ್ಟೆಗೂ ಹೊಂದುವ ಪ್ರೊಫೈಲನ್ನು ಮುದ್ರಕರಿಂದ ಕೇಳಿ ಪಡೆದು, `View > Proof Setup > Custom` ನಲ್ಲಿ ಅದನ್ನು ಆರಿಸಿ, `View > Proof Colors` ಒತ್ತಿ ಮೊದಲೇ ನೋಡಬಹುದು. ಅದಕ್ಕಿಂತ ನಂಬಿಕಸ್ಥ ದಾರಿ, ರಥವೂ ಆಕಾಶವೂ ಸೇರುವ ಅಂಚಿನ ಒಂದಡಿ ತುಂಡನ್ನು ಅದೇ ಬಟ್ಟೆಯ ಮೇಲೆ ಹೊಡೆಸಿ, ಸಂಜೆ ವೇದಿಕೆಯ ದೀಪದಡಿ ಹಿಡಿದು ನೋಡುವುದು.