ಬಂಡವಾಳಕ್ಕೂ ಬೆಲೆ ಇದೆ: ಪೀಣ್ಯದ ಯಂತ್ರ, ಎಲೆಕ್ಟ್ರಾನಿಕ್ ಸಿಟಿಯ ಲೆಕ್ಕ

ಹೊಸ ಯಂತ್ರ ಕೊಳ್ಳಬೇಕೆ, ಹೊಸ ಶೆಡ್ ಕಟ್ಟಬೇಕೆ, ಹೊಸ ಸೇವೆಗೆ ಕೈಹಾಕಬೇಕೆ? ಈ ಪ್ರಶ್ನೆ ಬಂದಾಗಲೆಲ್ಲ ಕಂಪನಿಗಳ ಹಣಕಾಸು ವಿಭಾಗ ಒಂದು ಶೇಕಡಾವಾರು ಅಂಕಿಯನ್ನು ಮುಂದಿಡುತ್ತದೆ. ಯೋಜನೆಯ ಗಳಿಕೆ ಅದನ್ನು ದಾಟಿದರೆ ಮುಂದಿನ ಮಾತು, ದಾಟದಿದ್ದರೆ ಇಲ್ಲ. ಅದೇ ತೂಕದ ಸರಾಸರಿ ಬಂಡವಾಳ ವೆಚ್ಚ. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಹಣಕಾಸಿನವರು ಅದನ್ನು ‘ವ್ಯಾಕ್’ ಎನ್ನುತ್ತಾರೆ. ಸಾಲ ಕೊಟ್ಟವರು ಕೇಳುವ ಬಡ್ಡಿ ಮತ್ತು ಷೇರುದಾರರು ನಿರೀಕ್ಷಿಸುವ ಗಳಿಕೆ, ಎರಡನ್ನೂ ಅವರವರ ಹಣದ ಪಾಲಿಗೆ ತಕ್ಕಂತೆ ಕೂಡಿಸಿದರೆ ಈ ಅಂಕಿ ಸಿಗುತ್ತದೆ. ಸೂತ್ರ ಒಂದೇ ಸಾಲಿನದು. ಆದರೆ ಅದರ ಸುತ್ತ ಬೆಳೆದಿರುವ ತಪ್ಪು ತಿಳಿವಳಿಕೆಗಳು ಅನೇಕ ಉದ್ದಿಮೆಗಳ ಹಣವನ್ನು ಸದ್ದಿಲ್ಲದೆ ತಿನ್ನುತ್ತಿವೆ.

ನಂಬಿಕೆ: ಸಾಲವೇ ಇಲ್ಲದ ಕಂಪನಿಗೆ ಬಂಡವಾಳ ಪುಕ್ಕಟೆ

ಬ್ಯಾಂಕಿಗೆ ಬಡ್ಡಿ ಕಟ್ಟುವುದಿಲ್ಲ, ಹಣವೆಲ್ಲ ಸ್ವಂತದ್ದು, ಹಾಗಾಗಿ ಏನು ಬಂದರೂ ಲಾಭವೇ ಎನ್ನುವ ಮಾತು ಕೇಳಲು ಸರಿಯಾಗಿಯೇ ಕಾಣುತ್ತದೆ. ಇದು ತಪ್ಪೆಂದು ತೋರಿಸಿದ ಅತ್ಯುತ್ತಮ ದಾಖಲೆ ಇರುವುದು ಎಲೆಕ್ಟ್ರಾನಿಕ್ ಸಿಟಿಯಲ್ಲಿಯೇ. 1981ರಲ್ಲಿ ಶುರುವಾಗಿ 1993ರಲ್ಲಿ ಷೇರು ಮಾರುಕಟ್ಟೆಗೆ ಬಂದ ಇನ್ಫೊಸಿಸ್ ಬಹುಕಾಲ ಸಾಲವಿಲ್ಲದೆ ನಡೆದ ಕಂಪನಿ. ಆದರೂ ಅದು ಹಲವು ವರ್ಷಗಳ ಕಾಲ ತನ್ನ ವಾರ್ಷಿಕ ವರದಿಯಲ್ಲಿ, ಕಾನೂನು ಕೇಳದಿದ್ದರೂ, ತನ್ನ ಬಂಡವಾಳದ ವೆಚ್ಚ ಎಷ್ಟೆಂದು ಲೆಕ್ಕಹಾಕಿ ಎಲ್ಲರ ಮುಂದಿಡುತ್ತಿತ್ತು.

ಆ ಲೆಕ್ಕದ ದಾರಿ ಹೀಗಿತ್ತು. ಮೊದಲು, ಅಪಾಯವಿಲ್ಲದ ಸರ್ಕಾರಿ ಸಾಲಪತ್ರ ಎಷ್ಟು ಕೊಡುತ್ತದೆ ಎಂದು ನೋಡಬೇಕು. ಆಮೇಲೆ, ಷೇರಿನಲ್ಲಿ ಹಣ ಹಾಕುವವರು ಅದಕ್ಕಿಂತ ಎಷ್ಟು ಹೆಚ್ಚು ಬಯಸುತ್ತಾರೆ ಎಂಬುದನ್ನು ತೆಗೆದುಕೊಂಡು, ಆ ಹೆಚ್ಚಳವನ್ನು ಕಂಪನಿಯ ‘ಬೀಟಾ’ದಿಂದ ಗುಣಿಸಬೇಕು. ಮಾರುಕಟ್ಟೆ ಒಟ್ಟಾರೆ ಏರಿಳಿದಾಗ ಈ ಷೇರು ಅದಕ್ಕಿಂತ ಎಷ್ಟು ಹೆಚ್ಚು ಅಥವಾ ಕಡಿಮೆ ಏರಿಳಿಯುತ್ತದೆ ಎಂಬುದರ ಅಳತೆಯೇ ಬೀಟಾ. ಎರಡನ್ನೂ ಕೂಡಿಸಿದರೆ ಷೇರು ಬಂಡವಾಳದ ವೆಚ್ಚ. ಸಾಲದ ಪಾಲು ಸೊನ್ನೆಯಾದ್ದರಿಂದ ಇನ್ಫೊಸಿಸ್‌ಗೆ ಅದೇ ವ್ಯಾಕ್. 2000ದ ಆಸುಪಾಸಿನಲ್ಲಿ ಅದು ಶೇ 20ಕ್ಕೂ ಮೇಲಿತ್ತು. ಸರ್ಕಾರಿ ಸಾಲಪತ್ರಗಳ ಗಳಿಕೆ ಇಳಿದ ಮುಂದಿನ ವರ್ಷಗಳಲ್ಲಿ ಅದೂ ಕೆಳಗೆ ಬಂತು.

ಅಂದರೆ ಸಾಲವಿಲ್ಲದ ಕಂಪನಿಯ ಬಂಡವಾಳ ಪುಕ್ಕಟೆಯಲ್ಲ, ಅದು ಅತ್ಯಂತ ದುಬಾರಿ ಬಗೆಯ ಬಂಡವಾಳ. ಬ್ಯಾಂಕಿಗೆ ಅಡಮಾನವಿದೆ, ಕಂತಿನ ದಿನಾಂಕವಿದೆ, ಕಂಪನಿ ಮುಳುಗಿದರೆ ಷೇರುದಾರರಿಗಿಂತ ಮೊದಲು ಹಣ ಪಡೆಯುವ ಹಕ್ಕಿದೆ. ಷೇರುದಾರನಿಗೆ ಇವು ಯಾವುವೂ ಇಲ್ಲ. ಹಾಗಾಗಿಯೇ ಆತ ಹೆಚ್ಚು ಕೇಳುತ್ತಾನೆ. ಆ ಬಿಲ್ಲು ಪ್ರತಿ ತಿಂಗಳು ಮೇಜಿಗೆ ಬರುವುದಿಲ್ಲ, ಅಷ್ಟೇ ವ್ಯತ್ಯಾಸ. ಗೆರೆ ದಾಟುವ ಯೋಜನೆಗಳಿಗೆ ಬೇಕಾದ್ದಕ್ಕಿಂತ ಹೆಚ್ಚು ನಗದು ಕೈಯಲ್ಲಿ ಉಳಿದರೆ ಅದನ್ನು ಕೊಟ್ಟವರಿಗೇ ಮರಳಿಸುವುದು ಈ ಲೆಕ್ಕದ ಸಹಜ ಮುಂದುವರಿಕೆ. 2017ರಲ್ಲಿ ಇನ್ಫೊಸಿಸ್ ತಲಾ 1,150 ರೂಪಾಯಿಯಂತೆ 13,000 ಕೋಟಿ ರೂಪಾಯಿ ಮೌಲ್ಯದ ತನ್ನದೇ ಷೇರುಗಳನ್ನು ಮರಳಿ ಕೊಂಡಿತು. ಅದು ಅದರ ಮೊದಲ ಮರುಖರೀದಿ.

ನಂಬಿಕೆ: ಯಂತ್ರಕ್ಕೆ ಸಾಲ ತಂದರೆ ಆ ಸಾಲದ ಬಡ್ಡಿಯನ್ನು ದಾಟಿದರೆ ಸಾಕು

ಸಣ್ಣ, ಮಧ್ಯಮ ಉದ್ದಿಮೆಗಳಲ್ಲಿ ಅತಿ ಹೆಚ್ಚು ಹಾನಿ ಮಾಡುವ ನಂಬಿಕೆ ಇದು. ಇದನ್ನು ಅಂಕಿಗಳಲ್ಲೇ ನೋಡಬೇಕು. ಪೀಣ್ಯದಲ್ಲಿ ವಾಹನದ ಬಿಡಿಭಾಗ ಮಾಡುವ ಒಂದು ವರ್ಕ್‌ಶಾಪನ್ನು ಊಹಿಸಿಕೊಳ್ಳೋಣ. ಗಿರಾಕಿ ಕಂಪನಿಯೊಂದು ಒಂದೇ ಬಿಡಿಭಾಗಕ್ಕೆ ಐದು ವರ್ಷದ ಆರ್ಡರ್ ಕೊಡುತ್ತೇನೆ ಎನ್ನುತ್ತದೆ. ಅದಕ್ಕೆಂದೇ 60 ಲಕ್ಷ ರೂಪಾಯಿಯ ಎಸ್‌ಪಿಎಂ, ಅಂದರೆ ಆ ಒಂದು ಕೆಲಸಕ್ಕಷ್ಟೇ ಮಾಡಿಸುವ ಯಂತ್ರ ಬೇಕು. ಆರ್ಡರ್ ಮುಗಿದ ಮೇಲೆ ಅದಕ್ಕೆ ಗುಜರಿ ಬೆಲೆ ಬಿಟ್ಟು ಬೇರೇನೂ ಸಿಗದು, ಅದನ್ನು ಲೆಕ್ಕಕ್ಕೆ ಹಿಡಿಯುವುದು ಬೇಡ. ಕೂಲಿ, ಕರೆಂಟು, ಟೂಲು, ತೆರಿಗೆ ಎಲ್ಲ ಕಳೆದು ವರ್ಷಕ್ಕೆ 16.5 ಲಕ್ಷ ನಗದು ಉಳಿಯುತ್ತದೆ. ಬ್ಯಾಂಕು ಶೇ 10ರ ಬಡ್ಡಿಗೆ 45 ಲಕ್ಷ ಟರ್ಮ್ ಲೋನ್ ಕೊಡುತ್ತದೆ, 15 ಲಕ್ಷ ಮಾಲೀಕರ ಮಾರ್ಜಿನ್ ಮನಿ.

ಐದು ವರ್ಷದ ಆ ನಗದನ್ನು ಶೇ 10ರಂತೆ ಇಂದಿನ ಮೌಲ್ಯಕ್ಕೆ ಇಳಿಸಿದರೆ ಸುಮಾರು 62.5 ಲಕ್ಷ. ಹಾಕುವುದು 60, ಬರುವುದು 62.5. ಬಡ್ಡಿ ದಾಟಿತು, ಯಂತ್ರ ತರಬಹುದು ಎನಿಸುತ್ತದೆ.

ಈಗ ಇಡೀ ಸಂಸ್ಥೆಯತ್ತ ನೋಡಿ. ಅದರ ಒಟ್ಟು ಬಂಡವಾಳದಲ್ಲಿ ಸಾಲ ಶೇ 40, ಮಾಲೀಕರ ಪಾಲು ಶೇ 60 ಎಂದಿರಲಿ. ಬಡ್ಡಿಯನ್ನು ಖರ್ಚೆಂದು ತೋರಿಸಿ ತೆರಿಗೆ ಉಳಿಸಬಹುದು. ಹೊಸ ತೆರಿಗೆ ಪದ್ಧತಿಯಲ್ಲಿ ಸರ್‌ಚಾರ್ಜ್, ಸೆಸ್ ಸೇರಿ ದೇಶೀಯ ಕಂಪನಿಯ ದರ ಶೇ 25.17 ಆದ್ದರಿಂದ ಶೇ 10ರ ಸಾಲ ನಿಜಕ್ಕೂ ಬೀಳುವುದು ಶೇ 7.5ಕ್ಕೆ. ಮಾಲೀಕರ ಹಣಕ್ಕೆ ಶೇ 18 ಎಂದಿಟ್ಟುಕೊಳ್ಳೋಣ. ಸರ್ಕಾರಿ ಬಾಂಡೇ ಶೇ 7ರ ಆಸುಪಾಸು ಕೊಡುವಾಗ, ಬೇಕೆಂದಾಗ ಮಾರಲಾಗದ ಸಣ್ಣ ಉದ್ದಿಮೆಯಲ್ಲಿ ಕಟ್ಟಿಹಾಕಿದ ಹಣಕ್ಕೆ ಇದು ಅತಿಯಾಸೆಯಲ್ಲ. ಆಗ:

0.40 × 7.5 + 0.60 × 18 = 13.8

ಅದೇ 16.5 ಲಕ್ಷವನ್ನು ಶೇ 13.8ರಂತೆ ಇಳಿಸಿದರೆ ಇಂದಿನ ಮೌಲ್ಯ 57 ಲಕ್ಷಕ್ಕೂ ತುಸು ಕಡಿಮೆ. ಯೋಜನೆ ಸುಮಾರು 3 ಲಕ್ಷ ಕಳೆಯುತ್ತದೆ. ಅದರ ನಿಜವಾದ ಗಳಿಕೆ ಹನ್ನೊಂದೂವರೆ ಶೇಕಡಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಬ್ಯಾಂಕಿನ ಬಡ್ಡಿಯನ್ನು ದಾಟಿತು, ಸಂಸ್ಥೆಯ ಗೆರೆಯನ್ನು ದಾಟಲಿಲ್ಲ.

ಮುಕ್ಕಾಲು ಪಾಲು ಹಣ ಬ್ಯಾಂಕಿನದೇ ಆಗಿರುವಾಗ ಮಾಲೀಕರ ಶೇ 18 ಇಷ್ಟು ಭಾರವಾಗಿ ಏಕೆ ಬರಬೇಕು ಎಂದು ಕೇಳಬಹುದು. ಬ್ಯಾಂಕು 45 ಲಕ್ಷ ಕೊಟ್ಟಿದ್ದು ಈ ಯಂತ್ರವನ್ನು ನೋಡಿ ಅಲ್ಲ. ಮಾಲೀಕರು ಸ್ವಂತ ಹಣದಿಂದ ಕಟ್ಟಿದ ಶೆಡ್, ಸಾಲ ತೀರಿದ ಹಳೆಯ ಯಂತ್ರಗಳು, ಅವರ ವೈಯಕ್ತಿಕ ಜಾಮೀನು, ಇವುಗಳ ಬೆನ್ನಿಗೆ ಕೊಟ್ಟದ್ದು. ಈ ಸಾಲ ಸಂಸ್ಥೆಯ ಸಾಲದ ಶಕ್ತಿಯಲ್ಲಿ ಒಂದು ಭಾಗವನ್ನು ಬಳಸಿ ಮುಗಿಸುತ್ತದೆ. ಮುಂದಿನ ವರ್ಷ ಇನ್ನೊಂದು ಒಳ್ಳೆಯ ಆರ್ಡರ್ ಬಂದಾಗ ಬ್ಯಾಂಕು ಆಗುವುದಿಲ್ಲ ಎಂದರೆ, ಆ ಯಂತ್ರಕ್ಕೆ ಪೂರ್ತಿ ಸ್ವಂತ ಹಣ ಹಾಕಬೇಕಾಗುತ್ತದೆ. ಆಗ ಅದರ ಗೆರೆ ಶೇ 18 ಎನ್ನುವುದೂ, ಇದರದು ಶೇ 10 ಎನ್ನುವುದೂ ಅರ್ಥವಿಲ್ಲದ ಮಾತು. ಅದಕ್ಕೇ ಎರಡಕ್ಕೂ ಸೇರಿ ಸರಾಸರಿ.

ಇಲ್ಲಿ ಇದಕ್ಕೆ ವಿರುದ್ಧವಾದ ಇನ್ನೊಂದು ತಪ್ಪೂ ನಡೆಯುತ್ತದೆ. ಕೆಲವರು ವರ್ಷದ ನಗದಿನಿಂದ ಮೊದಲು ಬ್ಯಾಂಕಿನ ಕಂತನ್ನು ಕಳೆದು, ಉಳಿದದ್ದನ್ನು ಮತ್ತೆ ವ್ಯಾಕ್‌ನಿಂದ ಇಳಿಸುತ್ತಾರೆ. ಬಡ್ಡಿ ವ್ಯಾಕ್‌ನೊಳಗೆ ಈಗಾಗಲೇ ಇದೆ. ಅದನ್ನು ಎರಡು ಸಲ ಹಿಡಿದರೆ ಒಳ್ಳೆಯ ಯೋಜನೆಯೂ ಕೆಟ್ಟದ್ದಾಗಿ ಕಾಣುತ್ತದೆ. ಪತ್ತೆಹಚ್ಚುವುದು ಸುಲಭ: ಯೋಜನೆಯ ನಗದು ಹಾಳೆಯಲ್ಲಿ ‘ಬಡ್ಡಿ’ ಅಥವಾ ‘ಇಎಂಐ’ ಎಂಬ ಸಾಲಿದ್ದರೆ ಆ ಹಾಳೆ ತಪ್ಪು.

ನಂಬಿಕೆ: ಸಾಲ ಹೆಚ್ಚಿಸುತ್ತ ಹೋದರೆ ಗೆರೆ ಇಳಿಯುತ್ತದೆ

ಶೇ 18ರ ಹಣದ ಬದಲು ಶೇ 7.5ರ ಹಣ ಹೆಚ್ಚು ಬಳಸಿದರೆ ಸರಾಸರಿ ಇಳಿಯಬೇಕಲ್ಲ? ಸಾಲವನ್ನು ಶೇ 70ಕ್ಕೆ ಏರಿಸಿದರೆ ಕಾಗದದ ಮೇಲೆ ವ್ಯಾಕ್ ಶೇ 10.65. ಮೇಲಿನ ಯಂತ್ರ ಪಾಸು! ಆದರೆ ಇದಕ್ಕೆ ಉಳಿದದ್ದೆಲ್ಲ ಹಾಗೇ ಇರಬೇಕು, ಅದು ಇರುವುದಿಲ್ಲ. ಅಷ್ಟು ಸಾಲ ಕಂಡ ಬ್ಯಾಂಕು ಬಡ್ಡಿಯನ್ನು ಶೇ 12ಕ್ಕೆ ಏರಿಸಬಹುದು. ಆರ್ಡರ್ ಕುಸಿದ ತಿಂಗಳಲ್ಲೂ ಕಂತು ತಪ್ಪುವುದಿಲ್ಲವಾದ್ದರಿಂದ ಮಾಲೀಕರ ಹಣದ ಅಪಾಯವೂ ಹೆಚ್ಚುತ್ತದೆ, ಅದಕ್ಕೆ ಶೇ 22 ಕೇಳುವುದು ನ್ಯಾಯ. ಹೀಗೆ ಮತ್ತೆ ಕೂಡಿಸಿದರೆ ಗೆರೆ ನಿಲ್ಲುವುದು ಸುಮಾರು ಶೇ 12.9ರಲ್ಲಿ. ಯಂತ್ರ ಮತ್ತೆ ನಪಾಸು. ಫ್ರಾಂಕೊ ಮೊಡಿಗ್ಲಿಯಾನಿ ಮತ್ತು ಮರ್ಟನ್ ಮಿಲ್ಲರ್ 1958ರಲ್ಲಿ ತೋರಿಸಿದ್ದು ಇದನ್ನೇ: ತೆರಿಗೆ ಮತ್ತು ದಿವಾಳಿಯ ಖರ್ಚನ್ನು ಬದಿಗಿಟ್ಟರೆ ಸಾಲ, ಸ್ವಂತ ಹಣಗಳ ಪ್ರಮಾಣ ಬದಲಿಸಿದ ಮಾತ್ರಕ್ಕೆ ಒಟ್ಟು ವೆಚ್ಚ ಬದಲಾಗದು. ತೆರಿಗೆಯಿಂದ ಸಿಗುವ ಉಳಿತಾಯ ನಿಜ, ಆದರೆ ಅದು ಜನ ಎಣಿಸಿದಷ್ಟು ದೊಡ್ಡದಲ್ಲ.

ಪಾಲು ಎಷ್ಟೆಂದು ಎಣಿಸುವಲ್ಲೂ ಎಚ್ಚರ ಬೇಕು. ಲೆಕ್ಕಪುಸ್ತಕದಲ್ಲಿರುವ ಅಂಕಿಗಳನ್ನೇ ಎತ್ತಿಕೊಂಡರೆ, ದಶಕಗಳ ಹಿಂದೆ ಹಾಕಿದ ಬಂಡವಾಳ ಹಳೆಯ ಬೆಲೆಯಲ್ಲೇ ನಿಂತಿರುತ್ತದೆ. ಮಾಲೀಕರ ಪಾಲು ಪುಟ್ಟದಾಗಿ, ಸಾಲದ ಪಾಲು ದೊಡ್ಡದಾಗಿ ಕಂಡು ವ್ಯಾಕ್ ಸುಳ್ಳೇ ಕೆಳಗಿಳಿಯುತ್ತದೆ. ಎಣಿಸಬೇಕಾದ್ದು ಇಂದಿನ ಮೌಲ್ಯ.

ನಂಬಿಕೆ: ಕಂಪನಿಗೊಂದು ವ್ಯಾಕ್, ಎಲ್ಲ ಯೋಜನೆಗೂ ಅದೇ

ಶೇ 13.8 ಎಂಬುದು ಆ ವರ್ಕ್‌ಶಾಪು ಈಗ ಮಾಡುತ್ತಿರುವ ಕೆಲಸದ ಅಪಾಯಕ್ಕೆ ಬಂದ ಅಂಕಿ. ಹಳೆಯ ಗಿರಾಕಿಯ ಹಳೆಯ ಭಾಗಕ್ಕೆ ಸವೆದ ಯಂತ್ರ ಬದಲಿಸುವುದಾದರೆ ಅದು ಹೊಂದುತ್ತದೆ. ಅದೇ ಸಂಸ್ಥೆ ವಿಮಾನದ ಬಿಡಿಭಾಗಕ್ಕೆ ಇಳಿಯುವುದಾದರೆ ಹೊಂದುವುದಿಲ್ಲ. ಅಲ್ಲಿ ಆರ್ಡರ್‌ಗೆ ಮೊದಲೇ ಗುಣಮಟ್ಟದ ಪ್ರಮಾಣಪತ್ರಗಳಿಗೆ ಖರ್ಚು ಮಾಡಬೇಕು, ಮೊದಲ ಹಣ ನೋಡಲು ವರ್ಷಗಳು ಕಾಯಬೇಕು. ಎರಡಕ್ಕೂ ಒಂದೇ ಗೆರೆ ಎಳೆದರೆ ಸುರಕ್ಷಿತ ಕೆಲಸಗಳು ತಿರಸ್ಕಾರವಾಗಿ ಅಪಾಯದ ಕೆಲಸಗಳು ಒಳಬರುತ್ತವೆ. ವರ್ಷಗಳುರುಳಿದಂತೆ ಇಡೀ ಸಂಸ್ಥೆಯೇ ಹೆಚ್ಚು ಅಪಾಯದ್ದಾಗಿ ಬದಲಾಗಿರುತ್ತದೆ. ಹೊಸ ಕ್ಷೇತ್ರದ ಯೋಜನೆಗೆ ಆ ಕ್ಷೇತ್ರದ ಲಿಸ್ಟೆಡ್ ಕಂಪನಿಗಳ ಬೀಟಾ ನೋಡಿ ಬೇರೆ ದರ ಕಟ್ಟುವುದು ಸರಿಯಾದ ದಾರಿ.

ಹಾಗೆ ಕಟ್ಟಿದ ದರವೂ ಅಂದಾಜೇ. ಶೇ 18 ಎಂದದ್ದು 16 ಇರಬಹುದು, 20 ಇರಬಹುದು. ಆದ್ದರಿಂದ ದಶಮಾಂಶದ ಜಗಳಕ್ಕಿಂತ, ಗೆರೆ ಮುಟ್ಟಲು ಯೋಜನೆಗೆ ಏನು ಬೇಕು ಎಂದು ತಿರುಗಿಸಿ ಕೇಳುವುದು ಹೆಚ್ಚು ಉಪಯೋಗಿ. ನಮ್ಮ ಎಸ್‌ಪಿಎಂ ಶೇ 13.8ನ್ನು ಮುಟ್ಟಲು ವರ್ಷಕ್ಕೆ 17.4 ಲಕ್ಷ ತರಬೇಕು, ಈಗಿನದಕ್ಕಿಂತ ಸುಮಾರು 90 ಸಾವಿರ ಹೆಚ್ಚು. ಎರಡು ಶಿಫ್ಟಿನಲ್ಲಿ ವರ್ಷಕ್ಕೆ 4,000 ಗಂಟೆ ಓಡಿದರೆ ತೆರಿಗೆಯೂ ಸೇರಿ ಗಂಟೆಗೆ ಸುಮಾರು 30 ರೂಪಾಯಿ. ಯಂತ್ರಕ್ಕೆ ಅಡ್ವಾನ್ಸ್ ಕೊಡುವ ಮೊದಲು ಗಿರಾಕಿಯ ಖರೀದಿ ವಿಭಾಗದವರ ಮುಂದೆ ಕೂತು ಮಷಿನ್ ಅವರ್ ರೇಟಿನಲ್ಲಿ ಆ 30 ರೂಪಾಯಿಯನ್ನು ಕೇಳಿ. ಅವರು ಒಪ್ಪದಿದ್ದರೆ ಆರ್ಡರ್ ಬಿಡಿ.