ಕಂತಿನ ದಿನ ನೆನಪಿಸುವ ನಾಲ್ಕು ಸಾಲು

ಸಾಲ ಕೊಟ್ಟ ಸಂಸ್ಥೆಯಿಂದ ಬರುವ ಸಂದೇಶ ಸಾಮಾನ್ಯವಾಗಿ ಹೀಗಿರುತ್ತದೆ: “ಮಾನ್ಯ ಗ್ರಾಹಕರೇ, ತಮ್ಮ ಸಾಲ ಖಾತೆ XX4521ರ ಮಾಸಿಕ ಕಂತಿನ ಮೊತ್ತ ರೂ. 2,450.00 ದಿನಾಂಕ 05-08-2025ರಂದು ಪಾವತಿಗೆ ಬಾಕಿ ಇರುತ್ತದೆ. ದಂಡ ಶುಲ್ಕ ತಪ್ಪಿಸಲು ಖಾತೆಯಲ್ಲಿ ಸಾಕಷ್ಟು ಶಿಲ್ಕು ಕಾಯ್ದುಕೊಳ್ಳತಕ್ಕದ್ದು.” ಬರೆದವರ ದೃಷ್ಟಿಯಲ್ಲಿ ಇದರಲ್ಲಿ ಏನೂ ತಪ್ಪಿಲ್ಲ.

ಎರಡನೇ ಮೂರನೇ ತರಗತಿಗೆ ಶಾಲೆ ಬಿಟ್ಟ, ಹೈನುಗಾರಿಕೆಗೆಂದು ಸಾಲ ತೆಗೆದ ಒಬ್ಬ ಗಿರಿಜಮ್ಮನ ಕೈಗೆ ಈ ಸಂದೇಶ ಬಂತು ಎಂದಿಟ್ಟುಕೊಳ್ಳಿ. ಅಕ್ಷರ ಕೂಡಿಸಿ ಓದುವುದು ಅವರಿಗೆ ಕಷ್ಟ, ಆದರೆ ಅಂಕಿ ಗುರುತಿಸುವುದು ಸಲೀಸು. ನೋಟು, ಬಸ್ಸಿನ ನಂಬರು, ಫೋನ್ ನಂಬರು ಎಲ್ಲವೂ ಅಂಕಿಯೇ ತಾನೆ. ಹಾಗಾಗಿ ಕಣ್ಣು ಮೊದಲು ಹೋಗುವುದು ಅಂಕಿಯ ಕಡೆಗೆ. ಅಲ್ಲಿ 4521 ಇದೆ, 2,450.00 ಇದೆ, 05-08-2025 ಇದೆ. ಕಟ್ಟಬೇಕಾದದ್ದು ಯಾವುದು? ಚುಕ್ಕಿ ಕಾಣದಿದ್ದರೆ 2,450.00 ಎಂಬುದು ಎರಡು ಲಕ್ಷ ದಾಟುತ್ತದೆ. ‘ಬಾಕಿ’ ಎಂದು ಓದಿದವರಿಗೆ ಕಂತು ಆಗಲೇ ತಪ್ಪಿಹೋಯಿತೇನೋ ಎಂಬ ಗಾಬರಿ ಬೇರೆ.

ಅದನ್ನೇ ಹೀಗೆ ಬರೆಯಬಹುದು: “ಗಿರಿಜಮ್ಮ, ಮಂಗಳವಾರ 5ನೇ ತಾರೀಕು ಸಾಲದ ಕಂತು 2450 ರೂಪಾಯಿ. ಸೋಮವಾರ ಸಂಜೆಯೊಳಗೆ ಖಾತೆಗೆ ಹಣ ಹಾಕಿಡಿ. ಕಷ್ಟವಿದ್ದರೆ ಮೊದಲೇ ಶಾಖೆಗೆ ತಿಳಿಸಿ.”

ಇಲ್ಲಿರುವ ಅಂಕಿ ಎರಡೇ: ತಾರೀಕು ಮತ್ತು ಹಣ. ಖಾತೆ ಸಂಖ್ಯೆ ಇಲ್ಲ, ಪೈಸೆ ಇಲ್ಲ. ವಾರದ ಹೆಸರು ಇರುವುದು ಮುಖ್ಯ, ಏಕೆಂದರೆ ಸಂತೆ, ಕೂಲಿ ಬಟವಾಡೆ, ಸಂಘದ ಸಭೆ ಎಲ್ಲವೂ ನಡೆಯುವುದು ವಾರದ ಲೆಕ್ಕದಲ್ಲಿ. ಸೋಮವಾರ ಸಂಜೆ ಎಂದು ಹೇಳಿರುವುದಕ್ಕೂ ಕಾರಣವಿದೆ. ಖಾತೆಯಿಂದ ಕಂತು ತಾನಾಗಿ ಕಡಿತವಾಗುವುದು ಎನ್‌ಎಸಿಎಚ್ ಎಂಬ ವ್ಯವಸ್ಥೆಯಲ್ಲಿ, ಕಂತಿನ ದಿನ ಬೆಳಗ್ಗೆಯೇ ಅದು ಖಾತೆಯನ್ನು ತಟ್ಟಬಹುದು. ಮಧ್ಯಾಹ್ನ ಹಣ ಕಟ್ಟಿದರೆ ಅಷ್ಟರಲ್ಲಿ ಕಡಿತ ವಿಫಲವಾಗಿರುತ್ತದೆ. ಆಗ ಖಾತೆ ಇರುವ ಬ್ಯಾಂಕಿನವರೂ ಸಾಲ ಕೊಟ್ಟವರೂ ಬೇರೆ ಬೇರೆಯಾಗಿ ಶುಲ್ಕ ಹಾಕುವುದುಂಟು. 2021ರ ಆಗಸ್ಟ್ 1ರಿಂದ ಈ ವ್ಯವಸ್ಥೆ ಭಾನುವಾರ, ಹಬ್ಬದ ರಜೆಗಳಲ್ಲೂ ನಡೆಯುತ್ತದೆ. ರಜೆ ಇದೆ, ನಾಳೆ ನೋಡೋಣ ಎಂದುಕೊಂಡವರು ಸಿಕ್ಕಿಬೀಳುವುದು ಇಲ್ಲೇ. ಕಂತು ಭಾನುವಾರ ಬಿದ್ದರೆ ‘ಶನಿವಾರದೊಳಗೆ’ ಎಂದೇ ಬರೆಯಬೇಕು.

ಹಾಗಾದರೆ ಎಲ್ಲರೂ ಹೀಗೇಕೆ ಬರೆಯುವುದಿಲ್ಲ? ಒಂದು ಕಾರಣ ಖರ್ಚು. ಇಂಗ್ಲಿಷ್‌ನಲ್ಲಿ ಒಂದು ಎಸ್ಸೆಮ್ಮೆಸ್ಸಿಗೆ 160 ಅಕ್ಷರ ಹಿಡಿಸಿದರೆ ಕನ್ನಡದಲ್ಲಿ 70 ಮಾತ್ರ. ಒತ್ತು, ಗುಣಿತದ ಗುರುತುಗಳೂ ಪ್ರತ್ಯೇಕವಾಗಿ ಎಣಿಕೆಯಾಗುತ್ತವೆ. ‘ಗಿರಿಜಮ್ಮ’ ಎಂಬ ಹೆಸರೊಂದೇ ಎಂಟು ಅಕ್ಷರದಷ್ಟಾಗುತ್ತದೆ. ಮೇಲಿನ ಸಂದೇಶ ಸುಮಾರು 120 ಆಗುವುದರಿಂದ ಎರಡು ಎಸ್ಸೆಮ್ಮೆಸ್ಸಿನ ಹಣ ತೆರಬೇಕು. ಕಂತು ತಪ್ಪಿದ ಮೇಲೆ ಸಿಬ್ಬಂದಿಯನ್ನು ಮನೆ ಬಾಗಿಲಿಗೆ ಕಳಿಸುವ ಖರ್ಚಿನ ಮುಂದೆ ಇದು ಏನೇನೂ ಅಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಇನ್ನೊಂದು ಕಾರಣ, ಸಂದೇಶದ ಮಾದರಿಯನ್ನು ಟ್ರಾಯ್ ನಿಯಮದಂತೆ ಮೊದಲೇ ನೋಂದಾಯಿಸಬೇಕು. ಹೆಸರು, ತಾರೀಕು, ಮೊತ್ತ ಮಾತ್ರ ಬದಲಾಗಬಹುದು. ಒಮ್ಮೆ ಒಪ್ಪಿಗೆ ಸಿಕ್ಕ ಮಾದರಿಯನ್ನು ಮತ್ತೆ ಮುಟ್ಟಲು ಯಾರಿಗೂ ಮನಸ್ಸಿರುವುದಿಲ್ಲ.

ಯಾವಾಗ ಕಳಿಸಬೇಕು? ಉಗಾಂಡಾದಲ್ಲಿ ಕ್ಸಿಮೆನಾ ಕಡೇನಾ ಮತ್ತು ಆಂಟೊನೆಟ್ ಶೋರ್ ನಡೆಸಿದ ಪ್ರಯೋಗದಲ್ಲಿ, ಕಂತಿಗೆ ಮೂರು ದಿನ ಮೊದಲು ಕಳಿಸಿದ ನೆನಪೋಲೆ ಹಣದ ರಿಯಾಯಿತಿ ಕೊಟ್ಟಷ್ಟೇ ಕೆಲಸ ಮಾಡಿತು. ಮೂರು ದಿನವೆಂದರೆ ಡೇರಿ ದುಡ್ಡು ಎತ್ತಿಡಲೋ ಮೈದುನನ ಹತ್ತಿರ ಕೈಗಡ ಕೇಳಲೋ ಸಾಕಾಗುವಷ್ಟು ಹೊತ್ತು.

ಆದರೂ ಸಂದೇಶ ತಲುಪದ ಮನೆಗಳಿವೆ. ಹಳೆಯ ಕೀಪ್ಯಾಡ್ ಫೋನಿನಲ್ಲಿ ಕನ್ನಡದ ಬದಲು ಖಾಲಿ ಚೌಕಗಳು ಕಾಣುತ್ತವೆ. ಸಾಲ ಹೆಂಡತಿಯ ಹೆಸರಿನಲ್ಲಿದ್ದು ಫೋನ್ ಗಂಡನ ಜೇಬಿನಲ್ಲಿರುತ್ತದೆ. ಅಕ್ಷರ ಬಾರದವರು ಪಕ್ಕದ ಮನೆಯ ಹುಡುಗನಿಂದ ಓದಿಸಿದರೆ ಸಾಲದ ಗುಟ್ಟು ಬೀದಿಗೆ ಬರುತ್ತದೆ. ಇಂಥವರಿಗೆ ಅದೇ ನಾಲ್ಕು ಸಾಲನ್ನು ಕನ್ನಡದಲ್ಲಿ ಹೇಳುವ ಧ್ವನಿಕರೆಯೇ ಸರಿ. ಬ್ಯಾಂಕುಗಳ ಇಂಥ ಕರೆಗೆಂದೇ 1600ರಿಂದ ಶುರುವಾಗುವ ನಂಬರುಗಳನ್ನು ಮೀಸಲಿಟ್ಟಿದ್ದಾರೆ. ಸಾಲ ಕೊಡುವ ದಿನವೇ “ಬರೆದು ಕಳಿಸಲೋ, ಫೋನಿನಲ್ಲಿ ಹೇಳಲೋ? ಯಾವ ನಂಬರಿಗೆ?” ಎಂದು ಕೇಳಿ ಬರೆದುಕೊಂಡರೆ ಆಯಿತು.

ಸಂದೇಶ ಸರಿಯಿದೆಯೇ ಎಂದು ತಿಳಿಯಲು ಶಾಖೆಗೆ ಬಂದ ಐದಾರು ಗ್ರಾಹಕರಿಗೆ ತೋರಿಸಿದರೆ ಸಾಕು. ‘ಅರ್ಥವಾಯಿತಾ ಅಮ್ಮಾ’ ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ. ‘ಯಾವತ್ತಿನೊಳಗೆ, ಎಷ್ಟು ದುಡ್ಡು ಹಾಕಬೇಕು?’ ಎಂದು ಕೇಳಬೇಕು. ಇಬ್ಬರು ತಡವರಿಸಿದರೂ ತಿದ್ದಬೇಕಾದದ್ದು ಸಂದೇಶವನ್ನು.

ನೆನಪೋಲೆಯಿಂದ ಮರೆವು ತಪ್ಪುತ್ತದೆಯೇ ಹೊರತು ಹಣ ಹುಟ್ಟುವುದಿಲ್ಲ. ಹಸು ಬತ್ತಿದ ತಿಂಗಳು ಗಿರಿಜಮ್ಮನಿಗೆ ಬೇಕಾಗುವುದು ಕೊನೆಯ ಸಾಲು. ‘ಮೊದಲೇ ತಿಳಿಸಿ’ ಎಂದು ನಂಬಿ ಶಾಖೆಗೆ ಬಂದವರಿಗೆ ಕಂತಿನ ದಿನ ಮುಂದೂಡುವ ಅಧಿಕಾರ ಅಲ್ಲಿ ಯಾರಿಗಾದರೂ ಇರಲೇಬೇಕು. ಇಲ್ಲದಿದ್ದರೆ ಆ ಸಾಲನ್ನು ಬರೆಯಕೂಡದು.