ಕಲ್ಲಿನ ದೂಳು, ಯಂತ್ರದ ಸದ್ದು: ಮೊದಲ ವರದಿ ಎಲ್ಲಿದೆ?

ಜಿಗಣಿಯ ಗ್ರಾನೈಟ್ ಫ್ಯಾಕ್ಟರಿಯಾಗಲಿ, ಇಳಕಲ್ಲಿನ ಕಲ್ಲು ಕೊಯ್ಯುವ ಘಟಕವಾಗಲಿ, ಅಲ್ಲಿ ದುಡಿಯುವವರಿಗೆ ಸದ್ದು, ದೂಳು ಎರಡರ ಕಾಟವೂ ಒಟ್ಟಿಗೇ. ಕಟಿಂಗ್ ಮಷಿನ್ನಿನ ಸದ್ದಿಗೆ ಕಿವಿ ಹೋಗುತ್ತದೆ, ಗ್ರಾನೈಟಿನಲ್ಲಿರುವ ಸಿಲಿಕಾದಿಂದ ಶ್ವಾಸಕೋಶ ಗಟ್ಟಿಯಾಗುತ್ತದೆ. ನೋವಿಲ್ಲದೆ ಆಗುವ ಈ ಹಾನಿ ಆದ ಮೇಲೆ ಮತ್ತೆ ಸರಿಹೋಗದು.

ತಪಾಸಣೆಯ ಪಟ್ಟಿ ದೊಡ್ಡದೇನಲ್ಲ: ಎಷ್ಟು ವರ್ಷದಿಂದ ಯಾವ ಮಷಿನ್ನಿನಲ್ಲಿ ಕೆಲಸ, ಕೆಮ್ಮು–ಏದುಸಿರು ಇದೆಯೇ, ಬೀಡಿ ಸೇದುತ್ತಾರೆಯೇ ಎಂಬ ವಿಚಾರಣೆ, ಕಿವಿಯ ಆಡಿಯೋಮೆಟ್ರಿ, ಊದಿಸಿ ನೋಡುವ ಸ್ಪೈರೋಮೆಟ್ರಿ, ಎದೆಯ ಎಕ್ಸ್-ರೇ. ಕೆಲಸಕ್ಕೆ ಸೇರುವಾಗಲೇ ಮೊದಲ ವರದಿ ಆಗಬೇಕು. ಪಟ್ಟಿಯ ಬಲವೆಲ್ಲ ಇರುವುದು ಆ ಮೊದಲ ವರದಿಯಲ್ಲೇ.

ಒಬ್ಬ ಕಟರ್‌ನ ಉದಾಹರಣೆ ತೆಗೆದುಕೊಳ್ಳೋಣ. ಸೇರಿದಾಗ 2000, 3000, 4000 ಹರ್ಟ್ಸ್‌ನಲ್ಲಿ ಅವನ ಬಲಗಿವಿಗೆ 10, 15, 20 ಡೆಸಿಬಲ್ ಸದ್ದು ಸಾಕಿತ್ತು. ಈಗ 15, 30, 45 ಬೇಕು. ಸರಾಸರಿ 15ರಿಂದ 30ಕ್ಕೆ ಏರಿದೆ. 10 ಡೆಸಿಬಲ್ ಅಥವಾ ಹೆಚ್ಚು ಏರಿದರೆ ಎಚ್ಚರಿಕೆಯ ಗಂಟೆ. ಆದರೆ ಶಿಫ್ಟ್ ಮುಗಿಸಿ ನೇರ ಬಂದವನ ಕಿವಿ ತಾತ್ಕಾಲಿಕವಾಗಿ ಮಂದವಾಗಿರುತ್ತದೆ. ಆದ್ದರಿಂದ ಕನಿಷ್ಠ 14 ಗಂಟೆ ಸದ್ದಿನಿಂದ ದೂರವಿದ್ದ ಮೇಲೆ ಮತ್ತೆ ಪರೀಕ್ಷಿಸಬೇಕು. ಆಗಲೂ ಅಷ್ಟೇ ಬಂದರೆ ಕಿವಿ ತಜ್ಞರ ಬಳಿ ಕಳಿಸಬೇಕು. ಒಂದೇ ಕಿವಿ ಹೆಚ್ಚು ಮಂದವಾಗಿದ್ದರೆ, ಕಿವಿ ಸೋರುತ್ತಿದ್ದರೆ, ತಲೆಸುತ್ತಿದ್ದರೆ ಕಾಯುವ ಮಾತೇ ಇಲ್ಲ; ಅದಕ್ಕೆ ಸದ್ದಲ್ಲದ ಬೇರೆ ಕಾರಣವಿರಬಹುದು.

ಅವನೇ ಮೂರು ವರ್ಷದ ಹಿಂದೆ ಮೊದಲ ಸೆಕೆಂಡಿನಲ್ಲಿ 3.2 ಲೀಟರ್ ಗಾಳಿ ಊದಿದ್ದ, ಈಗ 2.7. ವಯಸ್ಸಿನಿಂದ ವರ್ಷಕ್ಕೆ ಸುಮಾರು 30 ಮಿಲಿಲೀಟರ್ ತಗ್ಗುವುದು ಸಹಜ. ಇಲ್ಲಿ ಕಳೆದದ್ದು 500. ವಯಸ್ಸಿನ ಪಾಲು ಬಿಟ್ಟರೂ ಇದು ದೊಡ್ಡ ಕುಸಿತ. ಇವತ್ತಿನ ಅಂಕಿ ಮಾತ್ರ ನೋಡುವ ವೈದ್ಯರು ‘ನಾರ್ಮಲ್’ ಎಂದು ಬರೆದುಬಿಡಬಹುದು. ಹಳೆಯ ವರದಿ ತೆರೆಯದ ಶಿಬಿರ ನನ್ನ ಲೆಕ್ಕದಲ್ಲಿ ಬರೀ ಹಾಜರಿ. ಊದುವುದು ಸರಿಯಾಗಿತ್ತೇ ಎಂದು ಖಚಿತಪಡಿಸಿಕೊಂಡು ಅವನನ್ನು ಶ್ವಾಸಕೋಶ ತಜ್ಞರ ಬಳಿ ಕಳಿಸಬೇಕು.

ಸಿಲಿಕೋಸಿಸ್‌ನ ಆರಂಭದಲ್ಲಿ ಊದುವ ಪರೀಕ್ಷೆ ಸರಿಯಾಗಿಯೇ ಬರಬಹುದು. ಹಾಗಾಗಿ ಎಕ್ಸ್-ರೇಯ ಮೇಲ್ಭಾಗದಲ್ಲಿ ಸಣ್ಣ ಚುಕ್ಕೆಗಳು ಕಂಡರೆ ಅಷ್ಟಕ್ಕೇ ರೆಫರ್ ಮಾಡಬೇಕು. ಎರಡು ವಾರ ದಾಟಿದ ಕೆಮ್ಮು, ಜ್ವರ, ತೂಕ ಇಳಿಕೆ ಇದ್ದರೆ ಕಫ ಪರೀಕ್ಷೆ ಆಗಲೇಬೇಕು, ಏಕೆಂದರೆ ಸಿಲಿಕಾ ಹೊಕ್ಕ ಶ್ವಾಸಕೋಶಕ್ಕೆ ಕ್ಷಯ ಬೇಗ ಅಂಟುತ್ತದೆ. ತಿರುಗುಮುರುಗು ಆಗುವುದೂ ಉಂಟು: ಸಿಲಿಕೋಸಿಸ್‌ ಅನ್ನೇ ಕ್ಷಯವೆಂದು ತಿಳಿದು ತಿಂಗಳುಗಟ್ಟಲೆ ಮಾತ್ರೆ ನುಂಗಿಸುತ್ತಾರೆ. ವೈದ್ಯರಿಗೆ ‘ಏನು ಕೆಲಸ ಮಾಡ್ತೀಯಪ್ಪಾ?’ ಎಂದು ಕೇಳುವ ಪುರುಸೊತ್ತು ಇಲ್ಲದಿದ್ದಾಗ ಹೀಗಾಗುತ್ತದೆ.

ಸಿಲಿಕೋಸಿಸ್, ಸದ್ದಿನಿಂದಾದ ಕಿವುಡು ಎರಡೂ ಕಾನೂನಿನಡಿ ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಕಾಯಿಲೆಗಳು. ಕಾರ್ಮಿಕರೇ, ಪ್ರತಿ ತಪಾಸಣೆಯ ವರದಿಯ ಪ್ರತಿಯನ್ನು ಕೇಳಿ ಪಡೆಯಿರಿ. ಕೆಲಸ ಬಿಟ್ಟರೂ ಅದನ್ನು ಜೋಪಾನವಾಗಿಡಿ. ಸಿಲಿಕೋಸಿಸ್ ಕೆಲಸ ಬಿಟ್ಟ ಎಷ್ಟೋ ವರ್ಷದ ಮೇಲೂ ಕಾಣಿಸಿಕೊಳ್ಳಬಹುದು.